ಒಂದೇ ಬಂಕ್, ಎರಡು ಬೇರೆ ಕಾಯಿಲೆ: ಪೆಟ್ರೋಲ್ ಹಾಕಿಸಿದ ಮೇಲೆ ಕಾರು ಎಳೆದಾಡಿದರೆ

ಪ್ರಶ್ನೆ: ಸರ್, ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 62 ಸಾವಿರ ಕಿ.ಮೀ. ಓಡಿದೆ. ನಮ್ಮ ಊರು ಮಲೆನಾಡು. ಮೊನ್ನೆ ಜೋರು ಮಳೆಯ ದಿನ ಊರ ಹೊರಗಿನ ಬಂಕ್‌ನಲ್ಲಿ 25 ಲೀಟರ್ ಹಾಕಿಸಿದೆ. ನಾಲ್ಕು ಕಿ.ಮೀ. ಚೆನ್ನಾಗಿಯೇ ಬಂತು, ಆಮೇಲೆ ಜರ್ಕ್ ಶುರು. ಏರಿನಲ್ಲಿ ಎಕ್ಸಲರೇಟರ್ ಒತ್ತಿದರೂ ಪಿಕಪ್ ಇಲ್ಲ, ಇಂಜಿನ್ ಲೈಟ್ ಮಿನುಗಿತು, ಮನೆ ತಲುಪುವಷ್ಟರಲ್ಲಿ ಎರಡು ಸಲ ಆಫ್ ಆಯಿತು. ಏಪ್ರಿಲ್‌ನಲ್ಲೂ ಇದೇ ಬಂಕ್‌ನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಕಟ್ ಆದ ಮೇಲೂ ರೌಂಡ್ ಫಿಗರ್‌ಗೆ ಅಂತ ಇನ್ನಷ್ಟು ತುಂಬಿಸಿದಾಗ ಸ್ಟಾರ್ಟ್ ಆಗಲು ಸತಾಯಿಸಿ, ಎಳೆದಾಡಿ, ಒಂದೆರಡು ಕಿ.ಮೀ. ಆದ ಮೇಲೆ ತಾನೇ ಸರಿಯಾಗಿತ್ತು. ಬಂಕ್‌ನವರು ಡೆನ್ಸಿಟಿ ತೋರಿಸಿ 'ಎಲ್ಲ ಸರಿಯಿದೆ' ಅಂತಾರೆ. ಮೆಕ್ಯಾನಿಕ್ ಪ್ಲಗ್, ಕಾಯಿಲ್ ಎಲ್ಲ ಬದಲಿಸೋಣ ಅಂತಾರೆ. ಪೆಟ್ರೋಲ್‌ನಲ್ಲಿ ನೀರು ಬೆರೆಸಿದ್ದಾರೆಯೇ? ಏನು ಮಾಡಲಿ?

ಉತ್ತರ: ಮೊದಲು ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಪ್ಲಗ್, ಕಾಯಿಲ್ ಯಾವುದನ್ನೂ ಈಗಲೇ ಬದಲಿಸಲು ಒಪ್ಪಬೇಡಿ. ಟ್ಯಾಂಕಿನ ತಳದಿಂದ ಒಂದು ಲೀಟರ್ ಪೆಟ್ರೋಲ್ ಹೊರತೆಗೆಸಿ, ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡದಂತೆ ಇಡಿಸಿ. ನಿಮ್ಮ ಸಂಶಯಕ್ಕೆ ನೇರ ಉತ್ತರ ಸಿಗುವುದು ಆ ಬಾಟಲಿಯಲ್ಲಿ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಈ ಸಲ ನೀರಿನ ಸಂಶಯ ಪಡುವುದು ನ್ಯಾಯವೇ. ಆದರೆ ಏಪ್ರಿಲ್‌ನಲ್ಲಿ ಆದದ್ದು ನೀರಿನಿಂದಲ್ಲ ಎಂದೇ ನನ್ನ ಅಂದಾಜು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ನಿಮ್ಮ ದೂರು ದುರ್ಬಲವಾಗುತ್ತದೆ, ರಿಪೇರಿಯೂ ದಾರಿ ತಪ್ಪುತ್ತದೆ.

ನಾಲ್ಕು ಕಿ.ಮೀ. ಸರಿಯಾಗಿ ಓಡಿ ಆಮೇಲೆ ಕೆಟ್ಟಿತು ಎಂದಿರಲ್ಲ, ಆ ದೂರವೇ ಮುಖ್ಯ ಸುಳಿವು. ಬಂಕ್‌ನಲ್ಲಿ ಹಾಕಿದ ಪೆಟ್ರೋಲ್ ಆ ಕ್ಷಣವೇ ಇಂಜಿನ್ ತಲುಪುವುದಿಲ್ಲ. ಟ್ಯಾಂಕಿನಿಂದ ಇಂಜಿನ್‌ವರೆಗಿನ ಪೈಪ್, ಫಿಲ್ಟರ್, ಇಂಜೆಕ್ಟರ್‌ಗಳ ಮೇಲಿರುವ ರೈಲ್, ಇವುಗಳಲ್ಲಿ ಹಳೆಯ ಪೆಟ್ರೋಲ್ ಒಂದಿಷ್ಟು ತುಂಬಿಕೊಂಡಿರುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿ ಒಂದು ಕಿ.ಮೀ.ಗೆ ಕುಡಿಯುವುದು ಸುಮಾರು 67 ಮಿ.ಲೀ. ಹಾಗಾಗಿ ಪೈಪಿನಲ್ಲಿದ್ದ ಹಳೆಯ ಪೆಟ್ರೋಲ್ ಖಾಲಿಯಾಗಲು ಎರಡು ಮೂರು ಕಿ.ಮೀ. ಬೇಕು. ಅದರ ಜೊತೆ ಟ್ಯಾಂಕಿನೊಳಗೆ ಫ್ಯುಯೆಲ್ ಪಂಪ್ ಕೂತಿರುವ ಪುಟ್ಟ ಬಟ್ಟಲಿನಲ್ಲೂ ಹಳೆಯದು ನಿಂತಿರುತ್ತದೆ. ಅದೂ ಮುಗಿದ ಮೇಲೆ ಹೊಸದರ ಸರದಿ. ನೀರು ಪೆಟ್ರೋಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಪಂಪ್ ಎಳೆಯುವುದೂ ತಳದಿಂದಲೇ. ಆದ್ದರಿಂದ 25 ಲೀಟರಿನಲ್ಲಿ ಒಂದೇ ಲೀಟರ್ ಕೆಟ್ಟದ್ದಿದ್ದರೂ ಇಂಜಿನ್‌ಗೆ ಮೊದಲು ಹೋಗುವುದು ಆ ಒಂದು ಲೀಟರ್. ಎರಡರಿಂದ ಹತ್ತು ಕಿ.ಮೀ. ಒಳಗೆ ಶುರುವಾಗಿ, ಓಡಿಸಿದಷ್ಟೂ ಹೆಚ್ಚಾಗುತ್ತಾ ಹೋಗುವ ಜರ್ಕ್, ಏರಿನಲ್ಲಿ ಉಸಿರುಗಟ್ಟಿದಂತಾಗುವುದು, ಕೊನೆಗೆ ನಿಂತೇ ಹೋಗುವುದು: ನೀರು ಸೇರಿದ ಗಾಡಿಗಳು ವರ್ಕ್‌ಶಾಪಿಗೆ ಟೋ ಆಗಿ ಬಂದಾಗ ಮಾಲೀಕರು ಹೇಳುವ ಕಥೆ ಬಹುತೇಕ ಇದೇ.

ಏಪ್ರಿಲ್‌ನ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ಬಂಕ್‌ನಲ್ಲೇ ಸ್ಟಾರ್ಟ್ ಆಗಲು ಸತಾಯಿಸಿತು, ಓಡಿಸುತ್ತಾ ಹೋದಂತೆ ಸರಿಯಾಯಿತು. ಪೈಪಿನಲ್ಲಿ ಹಳೆಯ ಪೆಟ್ರೋಲ್ ಇರುವಾಗಲೇ ಹೊಸ ಪೆಟ್ರೋಲ್ ತೊಂದರೆ ಕೊಡಲು ಹೇಗೆ ಸಾಧ್ಯ? ಇಲ್ಲಿ ನಾನು ಮೊದಲು ನೋಡುವುದು ಚಾರ್ಕೋಲ್ ಕ್ಯಾನಿಸ್ಟರ್ ಎಂಬ ಇದ್ದಿಲು ಡಬ್ಬಿಯನ್ನು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಹೋಗದಂತೆ ಈ ಡಬ್ಬಿ ಹೀರಿಟ್ಟುಕೊಳ್ಳುತ್ತದೆ, ಆಮೇಲೆ ಪರ್ಜ್ ವಾಲ್ವ್ ಎಂಬ ಸಣ್ಣ ಕವಾಟದ ಮೂಲಕ ಸ್ವಲ್ಪಸ್ವಲ್ಪವೇ ಇಂಜಿನ್‌ಗೆ ಬಿಡುತ್ತದೆ. ನಾಜಲ್ ತಾನೇ ಕಟ್ ಆದ ಮೇಲೂ ರೌಂಡ್ ಫಿಗರ್‌ಗಾಗಿ ಒತ್ತಿ ಒತ್ತಿ ತುಂಬಿಸಿದರೆ ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ನುಗ್ಗಿ ಇದ್ದಿಲು ನೆನೆಯುತ್ತದೆ. ಆ ಕವಾಟ ಪೂರ್ತಿ ಮುಚ್ಚಿಕೊಳ್ಳದೆ ಸೋರುತ್ತಿದ್ದರಂತೂ ಬಿಸಿಲಿನ ದಿನ ಟ್ಯಾಂಕ್ ತುಂಬಿಸಿ ಸೆಲ್ಫ್ ಹೊಡೆದಾಗ ಇಂಜಿನ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಆವಿ ಹೋಗಿ ಅದು ಕಟ್ಟಿಕೊಳ್ಳುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ಆವಿ ಖಾಲಿಯಾಗಿ ಗಾಡಿ ಸರಿಯಾಗುತ್ತದೆ. ಇದು ಯಾವ ಬಂಕ್‌ನಲ್ಲಿ ಫುಲ್ ಮಾಡಿಸಿದರೂ ಆಗುತ್ತದೆ. ಬೇರೆಡೆ ಅರ್ಧ ಟ್ಯಾಂಕ್ ಹಾಕಿಸುತ್ತಾ, ಈ ಬಂಕ್‌ನಲ್ಲಿ ಮಾತ್ರ ಫುಲ್ ಮಾಡಿಸುವ ರೂಢಿಯಿದ್ದರೆ ತಪ್ಪೆಲ್ಲ ಈ ಬಂಕ್‌ನದೇ ಎನ್ನಿಸುವುದು ಸಹಜ. ನೆನಪು ಮಾಡಿಕೊಂಡು ನೋಡಿ.

ಇನ್ನು 'ನೀರು ಬೆರೆಸಿದ್ದಾರೆಯೇ' ಎಂಬ ಮಾತು. ಪೆಟ್ರೋಲ್‌ಗೆ ಬೇಕೆಂದೇ ನೀರು ಬೆರೆಸಿ ಲಾಭ ಮಾಡುವುದು ನಡೆಯುವ ಕೆಲಸವಲ್ಲ. ಅದು ಬೆರೆಯದೆ ತಳಕ್ಕೆ ಕೂರುತ್ತದೆ, ಒಂದೇ ದಿನದಲ್ಲಿ ಹತ್ತಾರು ಗಾಡಿ ನಿಂತು ಬಂಕ್ ಮುಚ್ಚುವ ಸ್ಥಿತಿ ಬರುತ್ತದೆ. ಕಲಬೆರಕೆ ಮಾಡುವವರು ಪೆಟ್ರೋಲ್‌ನಲ್ಲಿ ಕರಗಿಹೋಗುವ ಸೀಮೆಎಣ್ಣೆ, ಸಾಲ್ವೆಂಟ್‌ನಂಥದ್ದನ್ನು ಹುಡುಕುತ್ತಾರೆ. ಅಂಥ ಕಲಬೆರಕೆಯಲ್ಲಿ ಏರು ಹತ್ತುವಾಗ ಇಂಜಿನ್ ಕಟಕಟ ಬಡಿಯುವುದು, ಶಕ್ತಿ ಕುಗ್ಗುವುದು ಹೆಚ್ಚು, ಹೀಗೆ ದಿಢೀರನೆ ನಿಲ್ಲುವುದು ಕಡಿಮೆ. ನೀರು ಸೇರುವುದು ಸಾಮಾನ್ಯವಾಗಿ ನಿರ್ಲಕ್ಷ್ಯದಿಂದ. ಬಂಕ್‌ನ ನೆಲದಡಿಯ ಟ್ಯಾಂಕಿನ ಮೇಲೆ, ಟ್ಯಾಂಕರ್‌ನಿಂದ ಇಳಿಸುವ ಬಾಯಿಯ ಸುತ್ತ ಒಂದು ಗುಂಡಿ ಇರುತ್ತದೆ. ಮಳೆ ನೀರು ಅದರಲ್ಲಿ ನಿಂತು, ಮುಚ್ಚಳದ ವಾಷರ್ ಹಳತಾಗಿದ್ದರೆ ಒಳಗಿಳಿಯುತ್ತದೆ. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಂ ಬಳಿ ಅಲ್ಲಿನ ಮುಖ್ಯಮಂತ್ರಿಯ ಬೆಂಗಾವಲಿಗೆ ಹೊರಟಿದ್ದ 19 ವಾಹನಗಳು ಒಂದೇ ಬಂಕ್‌ನಲ್ಲಿ ಡೀಸೆಲ್ ಹಾಕಿಸಿಕೊಂಡು ಸಾಲಾಗಿ ನಿಂತುಬಿಟ್ಟವು. ಟ್ಯಾಂಕ್ ಬಿಚ್ಚಿದಾಗ ಡೀಸೆಲ್ ಜೊತೆ ನೀರು ಸಿಕ್ಕಿತು, ಬಂಕ್‌ಗೆ ಬೀಗ ಬಿತ್ತು. ಅದೂ ಮಳೆಗಾಲದ್ದೇ ಘಟನೆ.

ಪೆಟ್ರೋಲ್‌ನಲ್ಲಿ ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಇಂದು ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್ ಇ20, ಅಂದರೆ ಅದರಲ್ಲಿ ಶೇ 20ರಷ್ಟು ಎಥನಾಲ್. ಎಥನಾಲ್‌ಗೆ ಪೆಟ್ರೋಲ್ ಜೊತೆಯೂ ಹೊಂದಿಕೆಯಿದೆ, ನೀರಿನ ಜೊತೆ ಇನ್ನೂ ಗಾಢವಾದ ಹೊಂದಿಕೆಯಿದೆ. ಸ್ವಲ್ಪ ನೀರು ಬಂದರೆ ಅದನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ, ಇಂಜಿನ್‌ಗೂ ಗೊತ್ತಾಗುವುದಿಲ್ಲ. ಶೇ 10 ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 5 ಮಿ.ಲೀ. ನೀರು ತಡೆದುಕೊಳ್ಳುತ್ತದೆ, ಇ20 ಅದಕ್ಕಿಂತ ಹೆಚ್ಚು. ಆದರೆ ಆ ಮಿತಿ ದಾಟಿದ ಕೂಡಲೇ ಎಥನಾಲ್ ಪೆಟ್ರೋಲ್‌ನ ಸಂಗ ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ. ಮೇಲೆ ಎಥನಾಲ್ ಕಳೆದುಕೊಂಡ ಪೆಟ್ರೋಲ್, ಕೆಳಗೆ ನೀರು ಮತ್ತು ಎಥನಾಲ್ ಸೇರಿದ ಬೇರೆ ಪದರ. ಹಿಂದೆ ಬರೀ ಪೆಟ್ರೋಲ್ ಇದ್ದಾಗ ಒಳಗಿಳಿದ ಒಂದಿಷ್ಟು ನೀರು ಅಷ್ಟಕ್ಕಷ್ಟೇ ತಳದಲ್ಲಿ ಬಿದ್ದಿರುತ್ತಿತ್ತು, ಬಂಕ್‌ನ ಪಂಪ್ ಎಳೆಯುವ ಮಟ್ಟ ಅದಕ್ಕಿಂತ ಮೇಲಿರುತ್ತಿತ್ತು. ಈಗ ಅಷ್ಟೇ ನೀರು ಎಥನಾಲ್ ಅನ್ನೂ ಎಳೆದುಕೊಂಡು ಕೆಳಗಿನ ಪದರವನ್ನು ಕೆಲವು ಪಟ್ಟು ಎತ್ತರಿಸುತ್ತದೆ. ಪಂಪ್ ಎಳೆಯುವ ಮಟ್ಟಕ್ಕೆ ಆ ಪದರ ಬಂದ ಗಳಿಗೆಯಲ್ಲಿ ನಾಜಲ್ ಹಿಡಿದು ನಿಂತವರು ಯಾರೋ, ಪೆಟ್ಟು ಅವರಿಗೆ. ಐದು ನಿಮಿಷ ಮೊದಲು ಹಾಕಿಸಿದ ನಿಮ್ಮ ಪಕ್ಕದ ಮನೆಯವರ ಗಾಡಿ ಚೆನ್ನಾಗಿ ಓಡುತ್ತಿರಬಹುದು.

ತಂಪಾದಂತೆ ಈ ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ ಎಂಬುದನ್ನೂ ಮಲೆನಾಡಿನವರು ಗಮನದಲ್ಲಿಡಬೇಕು. ಸಂಜೆ ಹಾಕಿಸಿ ಮನೆಗೆ ಬಂದಾಗ ಏನೂ ತೊಂದರೆಯಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮಿಸ್ಸಿಂಗ್. ರಾತ್ರಿಯ ಚಳಿಗೆ ಟ್ಯಾಂಕಿನೊಳಗೇ ಪದರ ಬೇರೆಯಾಗಿರುತ್ತದೆ.

ಹಾಗಂತ ಇ20ಯೇ ನಿಮ್ಮ ಜರ್ಕ್‌ಗೆ ಕಾರಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮ 2018ರ ಗಾಡಿ ಇ20ಗಾಗಿಯೇ ತಯಾರಾದದ್ದಲ್ಲ ನಿಜ. ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ, ಹಳೆಯ ರಬ್ಬರ್ ಭಾಗಗಳು ಬೇಗ ಸವೆಯಬಹುದು. ಅದೆಲ್ಲ ನಿಧಾನವಾಗಿ ಆಗುವ ಕೆಲಸ. ಮೇಲಾಗಿ ಇ20 ಎಲ್ಲ ಬಂಕ್‌ನಲ್ಲೂ ಇದೆ. ಬೇರೆ ಬಂಕ್‌ಗಳ ಇ20ಯಲ್ಲಿ ಸರಿಯಾಗಿ ಓಡುತ್ತಿದ್ದ ಗಾಡಿ ಇಲ್ಲಿ ಹಾಕಿಸಿದ ನಾಲ್ಕು ಕಿ.ಮೀ.ಗೆ ನಿಂತರೆ ಅದಕ್ಕೆ ಬೇರೆ ಕಾರಣ ಹುಡುಕಲೇಬೇಕು.

ಬಂಕ್‌ನವರು ತೋರಿಸಿದ ಡೆನ್ಸಿಟಿ ಲೆಕ್ಕಕ್ಕೆ ಬರೋಣ. ಅವರು ಸುಳ್ಳು ತೋರಿಸಿರಲಿಕ್ಕಿಲ್ಲ, ಆದರೆ ಆ ಪರೀಕ್ಷೆ ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ನಾಜಲ್‌ನಿಂದ ತೆಗೆದ ಪೆಟ್ರೋಲ್‌ನ ಸಾಂದ್ರತೆಯನ್ನು ಹೈಡ್ರೋಮೀಟರ್‌ನಲ್ಲಿ ನೋಡಿ, ಉಷ್ಣಾಂಶ ಅಳೆದು, ಪಟ್ಟಿಯಲ್ಲಿ 15 ಡಿಗ್ರಿಗೆ ಪರಿವರ್ತಿಸುತ್ತಾರೆ. ಅದು ದಾಖಲೆಯ ಸಾಂದ್ರತೆಗಿಂತ 3 ಅಂಕ, ಅಂದರೆ ಘನ ಮೀಟರಿಗೆ 3 ಕೆ.ಜಿ., ಆಚೀಚೆ ಇದ್ದರೆ ಪಾಸ್. ಈಗ ಲೆಕ್ಕ ಹಾಕಿ. ಪೆಟ್ರೋಲ್ ಸಾಂದ್ರತೆ 750 ಎಂದಿಟ್ಟುಕೊಳ್ಳಿ, ನೀರಿನದು 1000. ನೂರಕ್ಕೆ ಅರ್ಧ ಪಾಲು ನೀರು ಕರಗಿದ್ದರೆ ಸಾಂದ್ರತೆ ಏರುವುದು ಒಂದೂಕಾಲು ಅಂಕ ಮಾತ್ರ, ಅದು ಆರಾಮಾಗಿ ಪಾಸ್ ಆಗುತ್ತದೆ. ಫೇಲ್ ಆಗಬೇಕಾದರೆ ನೂರಕ್ಕೆ ಒಂದು ಪಾಲಿಗಿಂತ ಜಾಸ್ತಿ ನೀರು ಬೇಕು. ಪದರ ಬೇರೆಯಾಗಿದ್ದರೂ, ನೀವು ವಾಪಸ್ ಹೋಗಿ ಕೇಳುವ ಹೊತ್ತಿಗೆ ನಾಜಲ್‌ನಲ್ಲಿ ಮೇಲಿನ ಪದರ ಬರುತ್ತಿರಬಹುದು, ಹೊಸ ಟ್ಯಾಂಕರ್ ಬಂದು ಇಳಿಸಿ ಹೋಗಿಯೂ ಇರಬಹುದು. ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ಕಲೆ ಉಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಯೂ ಹೀಗೆಯೇ. ಆವಿಯಾಗದೆ ಉಳಿಯುವ ಸೀಮೆಎಣ್ಣೆ, ಆಯಿಲ್‌ನಂಥದ್ದನ್ನು ಹಿಡಿಯಲು ಅದು ಸರಿ, ನೀರಿಗಲ್ಲ.

ನೀವು ಬಂಕ್‌ನಲ್ಲಿ ಕೇಳಬೇಕಾದದ್ದು ನೆಲದಡಿಯ ಟ್ಯಾಂಕಿನ ತಳದ ನೀರಿನ ಪರೀಕ್ಷೆ. ಡಿಪ್ ರಾಡ್‌ನ ತುದಿಗೆ ವಾಟರ್ ಫೈಂಡಿಂಗ್ ಪೇಸ್ಟ್ ಬಳಿದು ತಳ ಮುಟ್ಟುವವರೆಗೆ ಇಳಿಸುತ್ತಾರೆ, ನೀರು ತಾಗಿದ ಎತ್ತರದವರೆಗೆ ಪೇಸ್ಟ್‌ನ ಬಣ್ಣ ಬದಲಾಗುತ್ತದೆ. ಇಲ್ಲೊಂದು ಎಚ್ಚರಿಕೆಯಿದೆ. ಬರೀ ಪೆಟ್ರೋಲ್ ಕಾಲದ ಹಳೆಯ ಪೇಸ್ಟ್, ಎಥನಾಲ್ ಜೊತೆ ಸೇರಿದ ನೀರಿಗೆ ಸರಿಯಾಗಿ ಬಣ್ಣ ಕೊಡುವುದಿಲ್ಲ. ಎಥನಾಲ್ ಪೆಟ್ರೋಲ್‌ಗೆಂದೇ ಬೇರೆ ಪೇಸ್ಟ್ ಬರುತ್ತದೆ. ಯಾವ ಪೇಸ್ಟ್ ಬಳಿಯುತ್ತಿದ್ದಾರೆ ಎಂದು ಡಬ್ಬಿ ನೋಡಿ.

ಮನೆಯಲ್ಲಿ ಮಾಡುವ ಪರೀಕ್ಷೆಗಳ ಪೈಕಿ ಒಂದರ ಬಗ್ಗೆ ಹೇಳಲೇಬೇಕು. ಮೊಬೈಲ್‌ಗಳಲ್ಲಿ ಓಡಾಡುವ ವಿಡಿಯೊಗಳಲ್ಲಿ ಬಾಟಲಿಗೆ ಪೆಟ್ರೋಲ್ ಹಾಕಿ, ಅದಕ್ಕೆ ನೀರು ಸುರಿದು ಕುಲುಕುತ್ತಾರೆ. ಕೆಳಗಿನ ಪದರ ಹಾಕಿದ ನೀರಿಗಿಂತ ಜಾಸ್ತಿಯಾಗುತ್ತದೆ. 'ನೋಡಿ, ಪೆಟ್ರೋಲ್‌ನಲ್ಲಿ ಎಷ್ಟು ನೀರಿತ್ತು' ಎಂದು ಕೂಗುತ್ತಾರೆ. ಜಾಸ್ತಿಯಾದದ್ದು ನೀರಲ್ಲ, ಎಥನಾಲ್. 50 ಮಿ.ಲೀ. ಇ20ಗೆ 50 ಮಿ.ಲೀ. ನೀರು ಸೇರಿಸಿ ಕುಲುಕಿದರೆ ಕೆಳಗಿನ ಪದರ ಸುಮಾರು 60 ಮಿ.ಲೀ. ಆಗಲೇಬೇಕು. ಅದು ಒಳ್ಳೆಯ ಇ20ಯ ಲಕ್ಷಣ. ಇಂಥ ವಿಡಿಯೊ ಮಾಡಿಕೊಂಡು ದೂರು ಕೊಡಲು ಹೋದರೆ ಮೊದಲ ಮಾತಿಗೇ ನಿಮ್ಮ ದೂರು ಬಿದ್ದುಹೋಗುತ್ತದೆ. ನಾವು ನೋಡಬೇಕಾದದ್ದು ಹೊರಗಿನಿಂದ ಹನಿ ನೀರೂ ಸೇರಿಸದೆ ಪದರ ಕಾಣುತ್ತದೆಯೇ ಎಂಬುದನ್ನು. ನೀರು ಬಾರದೆ ಎಥನಾಲ್ ತಾನಾಗಿ ಪೆಟ್ರೋಲ್‌ನಿಂದ ಬೇರೆಯಾಗುವುದಿಲ್ಲ. ಪದರ ಕಂಡಿತೆಂದರೆ ಎಲ್ಲಿಂದಲೋ ನೀರು ಬಂದಿದೆ ಎಂದೇ ಅರ್ಥ.

ಇದೇ ರೀತಿ ಮಳೆಗಾಲದಲ್ಲಿ ಟೋ ಆಗಿ ಬಂದ ಒಂದು ಪೆಟ್ರೋಲ್ ಕಾರಿನಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ, ನಿಮ್ಮ ಮೆಕ್ಯಾನಿಕ್‌ಗೂ ದಾರಿ ತಿಳಿಯುತ್ತದೆ. ಮೊದಲು ಸ್ಕ್ಯಾನರ್ ಹಾಕಿದೆವು. P0300 ಮತ್ತು P0171 ಎಂಬ ಎರಡು ಕೋಡ್ ಇದ್ದವು. ಮೊದಲನೆಯದರ ಅರ್ಥ ಮಿಸ್‌ಫೈರ್ ಯಾವುದೋ ಒಂದು ಸಿಲಿಂಡರ್‌ನಲ್ಲಿ ಅಲ್ಲ, ಹಲವೆಡೆ ಆಗುತ್ತಿದೆ ಎಂದು. ಎರಡನೆಯದು ಇಂಧನ ಸಾಲುತ್ತಿಲ್ಲ, ಗಾಳಿ ಜಾಸ್ತಿಯಾಗುತ್ತಿದೆ ಎಂದು. LTFT ಎಂಬ ಸಾಲಿನಲ್ಲಿ +21 ತೋರಿಸುತ್ತಿತ್ತು, ಅಂದರೆ ಇಂಜಿನ್‌ನ ಕಂಪ್ಯೂಟರ್ ಮಾಮೂಲಿಗಿಂತ ಶೇ 21ರಷ್ಟು ಹೆಚ್ಚು ಇಂಧನ ಸುರಿದು ಸುಧಾರಿಸಲು ಹೆಣಗಾಡುತ್ತಿತ್ತು. ಇ10ಗೆ ಹೊಂದಿಸಿದ ಗಾಡಿಗೆ ಇ20 ಹಾಕಿದರೆ ಈ ಅಂಕಿ ನಾಲ್ಕೈದು ಏರುವುದು ಸಹಜ, ಇಪ್ಪತ್ತೊಂದು ಸಹಜವಲ್ಲ. ಕಾಯಿಲ್ ಹೋಗಿದ್ದರೆ ಸಾಮಾನ್ಯವಾಗಿ P0301ರಿಂದ P0304ರೊಳಗಿನ ಒಂದು ಕೋಡ್, ಅಂದರೆ ಒಂದೇ ಸಿಲಿಂಡರ್‌ನ ಹೆಸರು ಬರುತ್ತದೆ. ನಾಲ್ಕು ಕಾಯಿಲ್ ಒಂದೇ ಸಂಜೆ, ಅದೂ ಪೆಟ್ರೋಲ್ ಹಾಕಿಸಿದ ನಾಲ್ಕನೇ ಕಿ.ಮೀ.ನಲ್ಲಿ ಹೋಗುವುದು ತೀರಾ ಅಪರೂಪ. ಕ್ಯಾನಿಸ್ಟರ್ ನೆನೆದ ಗಾಡಿಯಲ್ಲಾದರೆ ಆವಿ ಜಾಸ್ತಿಯಾಗಿ ಇದೇ ಅಂಕಿ ಮೈನಸ್ ಕಡೆಗೆ ಇಳಿದಿರುತ್ತದೆ. ಆದ್ದರಿಂದ ಕೋಡ್ ಅಳಿಸುವ ಮೊದಲು ಸ್ಕ್ಯಾನರ್ ಪರದೆಯ ಫೋಟೊ ತೆಗೆದಿಡಲು ಹೇಳಿ. ಅಳಿಸಿದರೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

ಆಮೇಲೆ ಇಂಜಿನ್ ಬಳಿ ಪೆಟ್ರೋಲ್ ಪೈಪಿನ ಜಾಯಿಂಟ್ ಬಿಚ್ಚಿ, ಗಾಡಿಯ ಫ್ಯುಯೆಲ್ ಪಂಪನ್ನೇ ಓಡಿಸಿ ಮೊದಲ ಒಂದು ಲೀಟರನ್ನು ಒಣಗಿದ ಗಾಜಿನ ಬಾಟಲಿಗೆ ಹಿಡಿದೆವು. ಪಂಪ್ ತಳದಲ್ಲಿರುವುದರಿಂದ ಹೀಗೆ ಬಂದದ್ದು ತಳದ್ದೇ. ಪೆಟ್ರೋಲ್ ಹಾಕುವ ಬಾಯಿಯಿಂದ ಪೈಪ್ ಇಳಿಸಿದರೆ ಒಳಗಿನ ತಡೆ ಬಿಡುವುದಿಲ್ಲ, ಬಿಟ್ಟರೂ ಮೇಲಿನ ಪೆಟ್ರೋಲ್ ಸಿಗುತ್ತದೆ. ಬಾಯಿಂದ ಎಳೆಯುವುದಂತೂ ಬೇಡವೇ ಬೇಡ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಪೈಪಿನಲ್ಲಿ ಒತ್ತಡ ಇರುತ್ತದೆ, ಬಿಚ್ಚಿದಾಗ ಚಿಮ್ಮುತ್ತದೆ, ಬಿಸಿ ಇಂಜಿನ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ, ಇಂಜಿನ್ ತಣ್ಣಗಾದ ಮೇಲೆ ಗ್ಯಾರೇಜಿನಲ್ಲೇ ಮಾಡಿಸಿ, ನೀವು ಎದುರಿಗೆ ನಿಂತಿರಿ. ಬಾಟಲಿ ಒಳಗೆ ತೇವವಿದ್ದರೆ ಪರೀಕ್ಷೆಯೇ ಕೆಡುತ್ತದೆ, ತೊಳೆದು ಬಿಸಿಲಿಗೆ ಒಣಗಿಸಿದ್ದೇ ಆಗಬೇಕು.

ಅರ್ಧ ಗಂಟೆಯಲ್ಲಿ ಬಾಟಲಿಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗೆರೆ ಎಳೆದಂತೆ ಪದರ ನಿಂತಿತು. ಮೇಲಿನದು ಪೆಟ್ರೋಲ್ ಬಣ್ಣದ್ದು, ಕೆಳಗಿನದು ಮಾಸಲು. ಸಿರಿಂಜಿನಲ್ಲಿ ಎರಡು ಹನಿ ನೀರು ಬಿಟ್ಟೆವು. ಹನಿಗಳು ಮೇಲಿನ ಪದರದಲ್ಲಿ ಗುಂಡಗೆ ಉರುಳುತ್ತಾ ಇಳಿದು, ಗೆರೆ ದಾಟಿದ ಕೂಡಲೇ ಗುರುತಿಲ್ಲದಂತೆ ಬೆರೆತುಹೋದವು. ಕೆಳಗಿರುವುದು ನೀರಿನ ಕಡೆಯದ್ದು ಎನ್ನಲು ಅಷ್ಟು ಸಾಕಿತ್ತು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಐದು ಲೀಟರ್ ಒಳ್ಳೆಯ ಪೆಟ್ರೋಲ್ ಹಾಕಿ ಪೈಪ್ ಮೂಲಕ ಮತ್ತೆ ಹೊರಗೆ ಓಡಿಸಿದೆವು. ಪಂಪ್ ಬಿಚ್ಚಿ ಅದರ ಜಾಲರಿ ಮತ್ತು ಫಿಲ್ಟರ್ ಬದಲಿಸಿದೆವು. ಇಂಜೆಕ್ಟರ್‌ಗಳನ್ನು ಬೆಂಚಿನಲ್ಲಿ ಸಿಂಪಡಿಸಿ ನೋಡಿದರೆ ನಾಲ್ಕೂ ಚೆನ್ನಾಗಿದ್ದವು, ಹಾಗೇ ಜೋಡಿಸಿದೆವು. ಪ್ಲಗ್ ಒರೆಸಿ ಅವನ್ನೇ ಹಾಕಿದೆವು. ಕಾಯಿಲ್ ಮುಟ್ಟಲೇ ಇಲ್ಲ. ಗಾಡಿ ಸರಿಯಾಗಿ ಓಡಿತು, ಕೆಲವು ದಿನಗಳಲ್ಲಿ ಆ ಅಂಕಿ ತಾನೇ +4ಕ್ಕೆ ಇಳಿಯಿತು.

ನಿಮ್ಮ ಬಾಟಲಿಯಲ್ಲಿ ಏನು ಕಾಣುತ್ತದೋ ಅದರ ಮೇಲೆ ಮುಂದಿನ ಕೆಲಸ. ಸ್ಪಷ್ಟ ಪದರವಿದ್ದರೆ ಟ್ಯಾಂಕ್ ಖಾಲಿ ಮಾಡಿಸುವುದೊಂದೇ ದಾರಿ. 'ಮೇಲೆ ಒಳ್ಳೆಯ ಪೆಟ್ರೋಲ್ ತುಂಬಿಸಿ ಓಡಿಸಿ, ತಾನೇ ಹೋಗುತ್ತದೆ' ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಎಷ್ಟು ತುಂಬಿಸಿದರೂ ಪಂಪ್ ಎಳೆಯುವುದು ಅದೇ ತಳವನ್ನು. ಮಿಸ್‌ಫೈರ್ ಆಗುತ್ತಿರುವ ಗಾಡಿಯನ್ನು ಹಟ ಹಿಡಿದು ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಅಲ್ಲಿ ಉರಿದು, ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗಬಹುದು. ಇಂಜಿನ್ ಲೈಟ್ ಸುಮ್ಮನೆ ಉರಿಯದೆ ಮಿನುಗುವುದು ಆ ಅಪಾಯಕ್ಕಾಗಿಯೇ. ಅದರ ಬೆಲೆಯ ಮುಂದೆ ಟೋ ಖರ್ಚು ಏನೂ ಅಲ್ಲ. ಪದರವಿಲ್ಲದೆ ಪೆಟ್ರೋಲ್ ಮಬ್ಬಾಗಿ ಕಂಡರೆ ಅದು ಮಿತಿಯ ಅಂಚಿನಲ್ಲಿದೆ. ಆಗ ಒಂದಿಷ್ಟು ತೆಗೆಸಿ, ಬೇರೆ ಬಂಕ್‌ನ ಪೆಟ್ರೋಲ್ ತುಂಬಿಸಿದರೆ ಅದರ ಎಥನಾಲ್ ಉಳಿದ ನೀರನ್ನು ಕರಗಿಸಿಕೊಂಡು ಹೋಗಬಹುದು. ಆದರೆ ರಾತ್ರಿ ತಂಪಿಗೆ ಮತ್ತೆ ಬೇರೆಯಾಗುವ ಸಾಧ್ಯತೆ ಇದ್ದೇ ಇದೆ. ಖರ್ಚು ಉಳಿಸಬೇಕೆಂದರೆ ಇದನ್ನು ಮಾಡಬಹುದು, ನನ್ನ ಗಾಡಿಯಾದರೆ ಖಾಲಿ ಮಾಡಿಸುತ್ತೇನೆ. ನೀರು ತೆಗೆಯುತ್ತದೆ ಎಂದು ಮಾರುವ ಸಣ್ಣ ಶೀಸೆಗಳಲ್ಲಿ ಸಾಮಾನ್ಯವಾಗಿ ಇರುವುದೂ ಒಂದು ಬಗೆಯ ಆಲ್ಕೋಹಾಲೇ. ಟ್ಯಾಂಕಿನಲ್ಲಿ ಐದಾರು ಲೀಟರ್ ಎಥನಾಲ್ ಇರುವಾಗ ಇನ್ನೊಂದು ಶೀಸೆಯಿಂದ ಆಗುವುದು ಏನೂ ಇಲ್ಲ.

ಬಾಟಲಿಯ ಪೆಟ್ರೋಲ್ ಸ್ವಚ್ಛವಾಗಿ ಹೊಳೆಯುತ್ತಿದ್ದರೆ, ತಳದಲ್ಲಿ ಗೆರೆಯೂ ಇಲ್ಲ ಮಬ್ಬೂ ಇಲ್ಲ ಎಂದರೆ, ಬಂಕ್ ಮೇಲಿನ ಸಂಶಯ ಬಿಟ್ಟು ನಿಮ್ಮ ಮೆಕ್ಯಾನಿಕ್ ಮಾತಿಗೆ ಬನ್ನಿ. ಜೋರು ಮಳೆಯ ತೇವಕ್ಕೆ, ಬಿರುಕು ಬಿಟ್ಟ ಕಾಯಿಲ್ ಬೂಟ್‌ನಿಂದ ಕರೆಂಟ್ ಸೋರುವುದು ಮಾಮೂಲಿ ತೊಂದರೆ. 62 ಸಾವಿರ ಕಿ.ಮೀ. ಓಡಿದ ಪ್ಲಗ್‌ಗಳೂ ಬದಲಾಯಿಸುವ ಹಂತಕ್ಕೆ ಬಂದಿರಬಹುದು. ಆಗಲೂ ನಾಲ್ಕನ್ನೂ ಒಟ್ಟಿಗೆ ಕೊಳ್ಳುವ ಮೊದಲು ಸ್ಕ್ಯಾನರ್ ಯಾವ ಸಿಲಿಂಡರ್ ಎನ್ನುತ್ತದೆ ನೋಡಿ, ಆ ಕಾಯಿಲನ್ನು ಪಕ್ಕದ್ದಕ್ಕೆ ಅದಲುಬದಲು ಮಾಡಿಸಿ. ಕೋಡ್ ಕೂಡ ಕಾಯಿಲ್ ಜೊತೆ ಪಕ್ಕಕ್ಕೆ ಹೋದರೆ ತಪ್ಪು ಆ ಕಾಯಿಲ್‌ನದು.

ದೂರು ಕೊಡುವುದಿದ್ದರೆ ತಡ ಮಾಡಬೇಡಿ. ನಿಮ್ಮ ಟ್ಯಾಂಕಿನಿಂದ ತೆಗೆದ ಬಾಟಲಿ ರಿಪೇರಿಗೆ ದಾರಿ ತೋರಿಸುತ್ತದೆ, ಆದರೆ ಬಂಕ್ ವಿರುದ್ಧ ಅದೊಂದೇ ಪೂರ್ತಿ ಸಾಕ್ಷಿಯಾಗದು. ನೀರು ನಿಮ್ಮ ಗಾಡಿಯಲ್ಲೇ ಮೊದಲು ಇತ್ತು ಎಂದು ಅವರು ಹೇಳಬಹುದು. ಆ ಮಾತಿಗೂ ಉತ್ತರ ಇಟ್ಟುಕೊಳ್ಳಿ: ಪೆಟ್ರೋಲ್ ಕ್ಯಾಪ್‌ನ ರಬ್ಬರ್ ರಿಂಗ್ ಬಿರುಕು ಬಿಟ್ಟಿಲ್ಲ ಎಂದು ಗ್ಯಾರೇಜಿನವರಿಂದ ನೋಡಿಸಿ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಅದೇ ಕಾರ್ಡ್‌ನಲ್ಲಿ ಒಟ್ಟು ಎಷ್ಟು ಲೀಟರ್ ತೆಗೆದರು, ಕೆಳಗಿನ ಪದರ ಎಷ್ಟಿತ್ತು, ಓಡೋಮೀಟರ್ ಎಷ್ಟು ತೋರಿಸುತ್ತಿತ್ತು ಎಂಬುದೂ ಇರಲಿ. ಬಂಕ್‌ನ ಬಿಲ್‌ನಲ್ಲಿ ದಿನ, ಸಮಯ, ನಾಜಲ್ ಸಂಖ್ಯೆ ಇರುತ್ತದೆ. ಬಿಲ್ ತೆಗೆದುಕೊಂಡಿರದಿದ್ದರೆ ಯುಪಿಐ ಅಥವಾ ಕಾರ್ಡ್ ಪಾವತಿಯ ಸಮಯ ತೋರಿಸಿ ನಕಲು ಕೇಳಿ. ಅದೇ ದಿನ ಹಾಕಿಸಿದ ಇನ್ನಿಬ್ಬರ ಗಾಡಿಯೂ ನಿಂತಿತ್ತು ಎಂಬುದು ತಿಳಿದುಬಂದರೆ ಬೇರೆಲ್ಲ ಸಾಕ್ಷಿಗಿಂತ ಅದರ ತೂಕ ಹೆಚ್ಚು. ಹತ್ತಿರದ ಗ್ಯಾರೇಜ್‌ಗಳಲ್ಲಿ, ಆಟೊ ಸ್ಟ್ಯಾಂಡ್‌ನಲ್ಲಿ ವಿಚಾರಿಸಿ.

ಬಂಕ್‌ನ ದೂರು ಪುಸ್ತಕದಲ್ಲಿ ಬರೆದು, ಅಲ್ಲೇ ಹಾಕಿರುವ ಬೋರ್ಡ್‌ನಿಂದ ತೈಲ ಕಂಪನಿಯ ಸೇಲ್ಸ್ ಅಧಿಕಾರಿಯ ನಂಬರ್ ತೆಗೆದುಕೊಂಡು ಕರೆ ಮಾಡಿ. ಅಧಿಕಾರಿ ಎದುರಿನಲ್ಲೇ ತಳದ ನೀರಿನ ಪರೀಕ್ಷೆ ಆಗಲಿ, ಸ್ಯಾಂಪಲ್ ತೆಗೆದು ಸೀಲ್ ಮಾಡಲಿ ಎಂದು ಲಿಖಿತವಾಗಿ ಕೇಳಿ. ಟ್ಯಾಂಕರ್‌ನಿಂದ ಇಳಿಸುವಾಗ ಬಂಕ್‌ನವರು ತೆಗೆದಿಡಬೇಕಾದ ಸ್ಯಾಂಪಲ್ ಕೂಡ ಇರುತ್ತದೆ. ಅದರಲ್ಲಿ ನೀರಿಲ್ಲದೆ, ಬಂಕ್‌ನ ಟ್ಯಾಂಕಿನಲ್ಲಿ ಇದ್ದರೆ ಎಲ್ಲಿ ಸೇರಿತು ಎಂಬುದು ತಾನೇ ಗೊತ್ತಾಗುತ್ತದೆ. ಕಂಪನಿಯಿಂದ ಉತ್ತರ ಬಾರದಿದ್ದರೆ 1915, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು, ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ಕೇಳುವುದು ಪೆಟ್ರೋಲ್ ಹಣ, ಟೋ, ಟ್ಯಾಂಕ್ ಶುದ್ಧಿ ಮತ್ತು ಫಿಲ್ಟರ್ ಖರ್ಚು, ಬಿಲ್ ಇರುವಷ್ಟನ್ನು. ಎಷ್ಟೋ ಬಂಕ್ ಮಾಲೀಕರು ಬಾಟಲಿ, ಬಿಲ್, ಜಾಬ್ ಕಾರ್ಡ್ ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟಾಗ ಅಲ್ಲೇ ಕೊಟ್ಟು ಮುಗಿಸುತ್ತಾರೆ. ಏಪ್ರಿಲ್ ವಿಷಯವನ್ನು ಆ ದೂರಿನಲ್ಲಿ ಸೇರಿಸಬೇಡಿ. ಅದಕ್ಕೆ ಬೇರೆಯಾಗಿ ಪರ್ಜ್ ವಾಲ್ವ್ ಪರೀಕ್ಷೆ ಮಾಡಿಸಿ: ಕರೆಂಟ್ ಕೊಡದೆ ಅದರ ಪೈಪಿನಲ್ಲಿ ಗಾಳಿ ಊದಿದರೆ ದಾಟಬಾರದು, ದಾಟಿದರೆ ಬದಲಿಸಬೇಕು. ಇನ್ನು ಮುಂದೆ ನಾಜಲ್ ಕಟ್ ಆದಲ್ಲಿಗೇ ನಿಲ್ಲಿಸಿ.

ಟ್ಯಾಂಕಿನಿಂದ ತೆಗೆಸಿದ ಪೆಟ್ರೋಲನ್ನು ಮೇಲಿನ ಪದರ ಚೆನ್ನಾಗಿದೆಯಲ್ಲ ಎಂದು ಬೈಕಿಗೆ ಸುರಿಯಬೇಡಿ. ಎಥನಾಲ್ ಹೋದ ಮೇಲೆ ಅದರ ಆಕ್ಟೇನ್, ಅಂದರೆ ಇಂಜಿನ್ ಬಡಿಯದಂತೆ ತಡೆಯುವ ಗುಣ, ಕುಗ್ಗಿರುತ್ತದೆ, ಒಂದಿಷ್ಟು ನೀರೂ ಅದರಲ್ಲಿ ಉಳಿದಿರುತ್ತದೆ. ಒಂದು ಲೀಟರ್ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ, ದಿನಾಂಕ ಬರೆದು, ಗ್ಯಾರೇಜಿನವರ ಸಹಿ ಹಾಕಿಸಿ, ದೂರು ಮುಗಿಯುವವರೆಗೆ ಬಿಸಿಲು ಬೆಂಕಿ ತಾಗದ ಕಡೆ ಗ್ಯಾರೇಜಿನಲ್ಲೇ ಇಡಿಸಿ. ಉಳಿದದ್ದನ್ನು ಚರಂಡಿಗೆ ಬಿಡದೆ, ಹಳೆಯ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.